ಹತ್ತು ಡಿಗ್ರಿ ಎಡಕ್ಕೆ

"ಗಾಡಿಯಲ್ಲಿ ದೋಷವಿಲ್ಲ ಅಂತ ಬರೆದು ಸಹಿ ಹಾಕು" ಅಂದರು ಮಾವ. ನನ್ನ ತಾಯಿಯ ತಮ್ಮ, ಈ ಗ್ಯಾರೇಜಿನ ಯಜಮಾನ, ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ವೀಲ್ ಅಲೈನ್‌ಮೆಂಟ್ ನನ್ನ ಕೆಲಸ. ಆದ್ದರಿಂದ ವರದಿಗೆ ನನ್ನದೇ ಸಹಿ ಬೇಕು.

ಶಾಲೆಯ ವ್ಯಾನು ಹಿಂದಿನ ದಿನ ಎಡ ತಿರುವಿನಲ್ಲಿ ರಸ್ತೆ ಬಿಟ್ಟು ಚರಂಡಿಗೆ ಇಳಿದಿತ್ತು. ಪುಣ್ಯಕ್ಕೆ ಒಳಗೆ ಮಕ್ಕಳಿರಲಿಲ್ಲ. ಬಂಪರ್ ಬಿಟ್ಟು ಬೇರೇನೂ ಮುರಿದಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಶಾಲೆಯ ಗಾಡಿ ಓಡಿಸಿದ ಡ್ರೈವರಣ್ಣ ಟೈರುಗಳ ರಾಶಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದರು. ನಾನು ಸಹಿ ಹಾಕಿದರೆ ಅವರ ಕೆಲಸ ಅವತ್ತೇ ಹೋಗುತ್ತಿತ್ತು.

"ಜೋರಾಗಿ ಓಡಿಸಿದ್ದೀಯ, ಅಷ್ಟೇ" ಅಂದ ಶಾಲೆಯ ಮ್ಯಾನೇಜರ್.

ನನಗೆ ಮೈ ಉರಿಯಿತು. "ಸಾರ್, ಎಡ ತಿರುವಲ್ಲಿ ಜೋರಾಗಿ ಬಂದ ಗಾಡಿ ಸಾಮಾನ್ಯವಾಗಿ ಬಲಕ್ಕೆ, ಹೊರಗಡೆಗೆ ಜಾರತ್ತೆ. ಇದು ಎಡಕ್ಕೆ, ಒಳಗಡೆ ಚರಂಡಿಗೆ ಇಳಿದಿದೆ. ಯಾಕೆ?"

"ಬಾಯಿ ಮುಚ್ಚು" ಅಂದರು ಮಾವ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವರ ಮುಖ.

ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡು ದಿನದ ಹಿಂದೆ ಇದೇ ವ್ಯಾನು ಮುಂದಿನ ಚಕ್ರ ನೇರ ಮಾಡಿಸಿಕೊಳ್ಳಲು ಬಂದಾಗ, ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಒಂದು ಕಡೆಯ ಟೈ ರಾಡ್‌ನ ನಟ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನಾನು ಇನ್ನೊಂದು ಕಡೆಯದನ್ನೇ ತಿರುಗಿಸಿ ಲೆಕ್ಕ ಸರಿ ಮಾಡಿದೆ. ಚಕ್ರ ನೇರವಾಯಿತು, ಸ್ಟೀರಿಂಗ್ ಸೊಟ್ಟವಾಯಿತು. ಆಗ ಮಾವ ಸ್ಟೀರಿಂಗ್ ಕಳಚಿ, ಒಂದು ಹಲ್ಲು ಸರಿಸಿ ಮತ್ತೆ ಕೂರಿಸಿದರು. ನೋಡಲು ನೆಟ್ಟಗಾಯಿತು. ಸ್ಟೀರಿಂಗಿನ ಒಳಗಿನ ದಂಡ ಮಾತ್ರ ಎಡಕ್ಕೆ ತಿರುಗಿಕೊಂಡೇ ಉಳಿಯಿತು. ಕೋನ ಅಳೆಯುವ ಸೆನ್ಸರ್ ಇರುವುದು ಆ ದಂಡದ ಮೇಲೆ. ನೇರ ಅಂದರೆ ಈಗ ಎಲ್ಲಿ ಎಂದು ಅದಕ್ಕೆ ಹೊಸ ಸೊನ್ನೆ ಕಲಿಸಲೂ ಇಲ್ಲ. ನಾನು ಕಂಡೂ ಸುಮ್ಮನಿದ್ದೆ.

"ಹತ್ತಿ ಸಾರ್" ಅಂದೆ. ಮ್ಯಾನೇಜರನನ್ನು ಪಕ್ಕದಲ್ಲಿ ಕೂರಿಸಿ, ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಸಿಕ್ಕಿಸಿ ಅವನ ಕೈಗೆ ಕೊಟ್ಟು, ವ್ಯಾನನ್ನು ಗ್ಯಾರೇಜಿನ ಮುಂದಿನ ನೇರ ರಸ್ತೆಗೆ ತಂದೆ. ಡ್ರೈವರಣ್ಣ ಹಿಂದೆ ಕೂತರು.

"ಸ್ಟೀರಿಂಗ್ ಹೇಗಿದೆ?"

"ನೇರವಾಗೇ ಇದೆ."

"ಅಲ್ಲಿ ಎಷ್ಟು ತೋರಿಸ್ತಿದೆ?"

"ಎಡಕ್ಕೆ ಹತ್ತು ಡಿಗ್ರಿ" ಎಂದು ಅವನು ಹುಬ್ಬೇರಿಸಿದ.

"ಅದರ ಕೆಳಗೆ ಯಾ ರೇಟ್ ಅಂತಿದೆ ನೋಡಿ. ಸೀಟಿನ ಕೆಳಗಿರೋ ಇನ್ನೊಂದು ಸೆನ್ಸರ್ ಲೆಕ್ಕ ಅದು. ಗಾಡಿ ಎಷ್ಟು ಬೇಗ ಮೂತಿ ತಿರುಗಿಸ್ತಿದೆ ಅಂತ ಹೇಳತ್ತೆ."

"ಸೊನ್ನೆ."

"ಕಂಪ್ಯೂಟರ್ ಈ ಎರಡನ್ನೂ ತಾಳೆ ಹಾಕತ್ತೆ. ಈ ವೇಗಕ್ಕೆ, ಇಷ್ಟು ಸ್ಟೀರಿಂಗಿಗೆ ಗಾಡಿ ಇಷ್ಟು ತಿರುಗಬೇಕು ಅಂತ ಅದಕ್ಕೊಂದು ಲೆಕ್ಕ ಇದೆ. ತಿರುಗದಿದ್ರೆ, ಮುಂದಿನ ಚಕ್ರ ಜಾರ್ತಿದೆ ಅಂದ್ಕೊಂಡು ಒಳಗಡೆಯ ಹಿಂದಿನ ಚಕ್ರಕ್ಕೆ ತಾನೇ ಬ್ರೇಕ್ ಹಾಕತ್ತೆ. ನಿನ್ನೆ ಅಣ್ಣ ತಿರುಗಿಸಿದ್ದು ಒಂದಿಷ್ಟು, ಅದಕ್ಕೆ ಕಂಡಿದ್ದು ಅದಕ್ಕಿಂತ ಹತ್ತು ಡಿಗ್ರಿ ಜಾಸ್ತಿ. ಇಲ್ಲದ ಜಾರುವಿಕೆ ತಡೆಯೋಕೆ ಹೋಗಿ ಹಿಂದಿನ ಎಡ ಚಕ್ರ ಹಿಡೀತು. ಗಾಡಿ ಎಡಕ್ಕೆ ಎಳೀತು."

"ಹಾಗಿದ್ರೆ ಎಚ್ಚರಿಕೆ ದೀಪ ಹತ್ತಬೇಕಿತ್ತಲ್ವಾ?"

"ಇನ್ನೂ ದೊಡ್ಡ ತಪ್ಪಾಗಿದ್ರೆ ಹತ್ತುತ್ತಿತ್ತು. ಇದು ಅದರ ಕಣ್ಣು ತಪ್ಪಿಸೋವಷ್ಟು ಚಿಕ್ಕದು. ಮೆಲ್ಲಗೆ ಹೋದ್ರೆ ಏನೂ ಆಗಲ್ಲ. ವೇಗ ಹೆಚ್ಚಾದಷ್ಟೂ ಎರಡು ಲೆಕ್ಕದ ಅಂತರ ಬೆಳೆಯತ್ತೆ. ಎಪ್ಪತ್ತಕ್ಕೆ ಹೋಗಿ ತೋರಿಸ್ಲಾ?"

"ಬೇಡಮ್ಮಾ, ನಂಬ್ತೀನಿ" ಎಂದು ಅವನು ಬಾಗಿಲಿನ ಹಿಡಿ ಹಿಡಿದುಕೊಂಡ.

ಗ್ಯಾರೇಜಿಗೆ ಬಂದು ವರದಿಯಲ್ಲಿ ಎಲ್ಲವನ್ನೂ ಬರೆದೆ. ಒಂದೇ ಟೈ ರಾಡ್ ತಿರುಗಿಸಿದ್ದು ನಾನು ಎಂದೂ, ಸ್ಟೀರಿಂಗ್ ಸರಿಸಿದ್ದು ಯಜಮಾನರು ಎಂದೂ, ಡ್ರೈವರನ ತಪ್ಪೇನಿಲ್ಲ ಎಂದೂ ಬರೆದು ಸಹಿ ಹಾಕಿದೆ.

ಮಾವ ಓದಿದರು. "ಉಂಡ ಮನೆಗೆ ಎರಡು ಬಗೀತೀಯಾ? ನಿನ್ನ ಹೆಸರೂ ಹಾಳಾಗತ್ತೆ ಕಣೇ, ಯಾರೂ ಕೆಲಸ ಕೊಡಲ್ಲ."

"ಹಾಳಾಗ್ಲಿ. ತಪ್ಪು ಮಾಡಿದ್ದೀನಲ್ಲ."

"ಹಾಗಾದ್ರೆ ನಾಳೆಯಿಂದ ಈ ಕಡೆ ತಲೆ ಹಾಕಬೇಡ."

"ನಾಳೆ ತಾನೇ? ಇವತ್ತು ಆ ತುಕ್ಕು ಹಿಡಿದ ನಟ್ಟು ಬಿಚ್ಚದೆ ನಾನು ಹೋಗಲ್ಲ."

ಸ್ಪ್ಯಾನರ್ ಎತ್ತಿಕೊಂಡು ವ್ಯಾನಿನ ಕೆಳಗೆ ತೂರಿದೆ. ಮಾವ ತಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಡ್ರೈವರಣ್ಣ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾರಿಗೂ ಕೇಳಿಸದ ಹಾಗೆ ಕೇಳಿದರು.

"ಅಮ್ಮಾ, ನಿನ್ನದೇ ತಪ್ಪು ಅಂತ ಎಲ್ಲರೂ ಹೇಳಿ ಹೇಳಿ ನನಗೇ ಅನುಮಾನ ಬಂದ್ಬಿಟ್ಟಿತ್ತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಿಜ ಹೇಳು, ನಾನು ತೂಕಡಿಸಿರ್ಲಿಲ್ಲ ಅಲ್ವಾ?"