ಕತ್ತರಿಸಿಟ್ಟ ಚಿತ್ರ

ಜೂಲಿಯೆಟ್ ಟೀಚರಿಗೆ ಮಲಯಾಳ ಮಾತಾಡಲು ಚೆನ್ನಾಗಿ ಬರುತ್ತದೆ, ಬರೆಯಲು ಕೂತರೆ ಮಾತ್ರ ಬೆವರು ಕಿತ್ತುಕೊಂಡು ಬರುತ್ತದೆ. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ. ಆದರೆ ಗಡಿನಾಡು ಕುಂಬಳೆಯ ಆ ಶಾಲೆಯಿಂದ ಮೇಲಿನ ಆಫೀಸಿಗೆ ಹೋಗುವ ಕಾಗದ ಮಲಯಾಳದಲ್ಲಿದ್ದರೆ ಬೇಗ ಅಲ್ಲಾಡುತ್ತದೆ, ಕನ್ನಡದಲ್ಲಿದ್ದರೆ ಕೂತಲ್ಲೇ ಕೂರುತ್ತದೆ. ಹಾಗಾಗಿ ಕಳೆದ ವರ್ಷದಿಂದ ಟೀಚರ್ ಫೋನಿನಲ್ಲಿರುವ ಎಐ ಆ್ಯಪಿಗೆ ಕನ್ನಡದಲ್ಲಿ ಹೇಳಿ ಮಲಯಾಳದಲ್ಲಿ ಬರೆಸಿಕೊಳ್ಳುತ್ತಿದ್ದರು. ಅದು ಅವರ ಗುಟ್ಟೇನಲ್ಲ, ಸ್ಟಾಫ್ ರೂಮಿನ ಅರ್ಧ ಮಂದಿ ಅದನ್ನೇ ಮಾಡುತ್ತಿದ್ದರು.

ಗುರುವಾರ ಸಂಜೆ ಬೆಲ್ ಹೊಡೆದ ಮೇಲೆ ಹತ್ತನೆಯ ಕ್ಲಾಸಿನ ಚಿತ್ರಾ ಬಾಗಿಲಲ್ಲಿ ನಿಂತಿದ್ದಳು.

"ಟೀಚರ್, ಒಂದು ಫೋಟೋ ಕಳಿಸಿದ್ದೇನೆ ನಿಮಗೆ. ಕ್ಲಾಸಿನವರ ಗ್ರೂಪಲ್ಲಿ ಹಾಕಿದ್ದಾರೆ. ತೃಷಾಳದ್ದು."

"ಎಂತ ಉಂಟು ಅದರಲ್ಲಿ?"

"ನೀವೇ ನೋಡಿ. ನಾನು ಹೇಳಿದೆ ಅಂತ ಹೇಳ್ಬೇಡಿ," ಎಂದವಳೇ ಬಸ್ಸಿಗೆ ಓಡಿದಳು.

ತೃಷಾ ಪೈವಳಿಕೆ ಕಡೆಯ ಹುಡುಗಿ, ಅದೇ ಕ್ಲಾಸಿನವಳು. ಜೂನಿನಲ್ಲಿ ನಾಲ್ಕು ಜನ ಗೆಳತಿಯರ ನಡುವೆ ಕೂತು ನಗುತ್ತಿದ್ದವಳು ಈಗ ಕಿಟಕಿ ಪಕ್ಕ ಒಬ್ಬಳೇ ಕೂರುತ್ತಿದ್ದಳು. ಆ ವಯಸ್ಸಿನಲ್ಲಿ ಜಗಳ ಸಾಮಾನ್ಯ, ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದರು ಟೀಚರ್. ನಾವು ದೊಡ್ಡವರು ಹೀಗೆಂದುಕೊಂಡು ಎಷ್ಟು ಮಕ್ಕಳನ್ನು ಕೈಬಿಟ್ಟಿದ್ದೇವೋ ಲೆಕ್ಕವಿಲ್ಲ.

ಫೋಟೋ ತೆರೆದರು. ಮೇಲೆ ಹುಡುಗಿಯ ಚಿತ್ರ, ಕೆಳಗೆ ಬಿಳಿ ಪಟ್ಟಿಯಲ್ಲಿ ದಪ್ಪ ಅಕ್ಷರ: "ಧೈರ್ಯ ಉಂಟಾ? ಮಾಡಿ ತೋರ್ಸು." ತೃಷಾಳ ಮುಖ ಕಂಡದ್ದೇ ತಡ ಟೀಚರ ಕಣ್ಣು ಬೇರೆ ಏನನ್ನೂ ನೋಡಲಿಲ್ಲ. ಹೆಣ್ಣುಮಗಳ ಫೋಟೋವನ್ನು ಹೀಗೆ ಕದ್ದು ತೆಗೆದು ಹಂಚುವುದೆಂದರೇನು! ದೂರು ಬರೆಯುವುದಾದರೂ ಆ ಮುಖ ತನ್ನ ಕೈಯಿಂದ ಇನ್ನೊಂದು ಕಡೆ ಹೋಗಬಾರದು. ಅದು ಅವರ ಮರ್ಯಾದೆ, ಇಪ್ಪತ್ತು ವರ್ಷದ ಅಭ್ಯಾಸ. ಅವರು ಚಿತ್ರವನ್ನು ಪೂರ್ತಿ ಕತ್ತರಿಸಿ, ಕೆಳಗಿನ ಪಟ್ಟಿಯನ್ನು ಮಾತ್ರ ಉಳಿಸಿ, ಆ್ಯಪಿಗೆ ಕೊಟ್ಟರು. ಇದರಲ್ಲಿ ತಪ್ಪು ಮಾತು ಉಂಟಾ ಎಂದು ಕೇಳಿದರು.

ಉತ್ತರ ಕೂಡಲೇ ಬಂತು. "ಇದು ಸಾಮಾನ್ಯವಾಗಿ ಸವಾಲಿನ ಅಥವಾ ಹುರಿದುಂಬಿಸುವ ಮಾತು. ಬೈಗುಳವಾಗಲಿ ನೇರ ಬೆದರಿಕೆಯಾಗಲಿ ಇದರಲ್ಲಿ ಕಾಣುವುದಿಲ್ಲ. ಆದರೆ ಇದು ಮೀಮ್ ಒಂದರ ತುಂಡಿನಂತಿದೆ. ಮೇಲಿನ ಚಿತ್ರವನ್ನು ನೋಡದೆ ಇದರ ಅರ್ಥವನ್ನು ಖಚಿತವಾಗಿ ಹೇಳಲಾರೆ."

ಟೀಚರ್ ಮೊದಲ ಎರಡು ವಾಕ್ಯ ಓದಿದರು. ಉಳಿದದ್ದರ ಮೇಲೂ ಕಣ್ಣು ಹಾಯಿತು, ಮನಸ್ಸು ಹಾಯಲಿಲ್ಲ. ಯಂತ್ರ ತನ್ನ ಎದುರಿಗಿಟ್ಟದ್ದನ್ನು ಸರಿಯಾಗಿಯೇ ಓದಿತ್ತು, ಇಡದಿದ್ದದ್ದು ಎಂತದ್ದೆಂದೂ ಹೇಳಿತ್ತು. ಕೇಳುವ ಪುರುಸೊತ್ತು ಇವರಿಗಿರಲಿಲ್ಲ. ಬರುವ ವಾರ ಸ್ಪೋರ್ಟ್ಸ್, ತೃಷಾ ಲಾಂಗ್ ಜಂಪಿನಿಂದ ಹೆಸರು ವಾಪಸು ತೆಗೆದುಕೊಂಡಿದ್ದಳು, ಅದಕ್ಕೇ ಕೆಣಕಿರಬೇಕು ಎಂದು ತಾವೇ ಕತೆ ಕಟ್ಟಿಕೊಂಡರು. "ಬರಹದಲ್ಲಿ ಆಕ್ಷೇಪಾರ್ಹ ಪದಗಳಿಲ್ಲ, ಅನುಮತಿಯಿಲ್ಲದೆ ಫೋಟೋ ಬಳಸಿದ್ದು ತಪ್ಪು" ಎಂದು ಮಲಯಾಳದಲ್ಲಿ ಬರೆಸಿ ಹೆಡ್‌ಮಾಷ್ಟ್ರ ಮೇಜಿನ ಮೇಲಿಟ್ಟರು. ಚಿತ್ರಾಳಿಗೂ ಸಂಜೆಯೇ ಒಂದು ಮೆಸೇಜ್ ಹಾಕಿದರು: ಅದರಲ್ಲಿ ಹೆದರುವಂಥದ್ದು ಎಂತದೂ ಇಲ್ಲ, ನಾನು ನೋಡಿಕೊಳ್ಳುತ್ತೇನೆ.

ಶುಕ್ರವಾರ ನಮಾಜಿಗೆಂದು ಮಧ್ಯಾಹ್ನದ ಬಿಡುವು ಉದ್ದ, ಹನ್ನೆರಡೂವರೆಯಿಂದ ಎರಡರವರೆಗೆ. ಬೆಲ್ ಹೊಡೆದು ಇಪ್ಪತ್ತು ನಿಮಿಷವಾಗಿತ್ತು. ಹೆಡ್‌ಮಾಷ್ಟ್ರು ಗಣೇಶಪ್ರಸಾದರು ಕಾಗದ ಹಿಡಿದುಕೊಂಡು ಬಂದರು.

"ಟೀಚರೇ, ಇದು ಅರ್ಧ ಆಯ್ತಲ್ಲ. ದೂರಿನ ಫಾರ್ಮಿನಲ್ಲಿ ಚಿತ್ರದ ವಿವರಣೆ ಅಂತ ಇನ್ನೊಂದು ಕಾಲಂ ಉಂಟು. ಅದೂ ಬರೆದು ಕೊಡಿ."

"ಚಿತ್ರದಲ್ಲಿ ಎಂತ ಉಂಟು ಮಾಷ್ಟ್ರೇ, ಹುಡುಗಿ ನಿಂತಿದ್ದಾಳೆ ಅಷ್ಟೆ."

"ಅಷ್ಟೇ ಬರೀರಿ ಮತ್ತೆ."

ಊಟದ ಬುತ್ತಿ ಬದಿಗೆ ಸರಿಸಿ ಟೀಚರ್ ಫೋನ್ ತೆಗೆದರು. ಈ ಸಲ ಕತ್ತರಿಸಲಿಲ್ಲ. ಮುಖದ ಮೇಲೆ ಮಾತ್ರ ಒಂದು ಕಪ್ಪು ಚೌಕ ಎಳೆದು ಇಡೀ ಮೀಮನ್ನು ಕೊಟ್ಟರು. ಬರೀ ಚೌಕ ಸಾಕಿತ್ತು ನಿನ್ನೆಯೂ, ಅದು ಆಗ ಹೊಳೆಯಲಿಲ್ಲ.

ಉತ್ತರದ ಧಾಟಿಯೇ ಬೇರೆಯಾಗಿತ್ತು.

"ಚಿತ್ರದಲ್ಲಿ ಶಾಲಾ ಸಮವಸ್ತ್ರದ ಹುಡುಗಿಯೊಬ್ಬಳು ರೈಲ್ವೆ ಪ್ಲಾಟ್‌ಫಾರ್ಮಿನ ಹಳದಿ ಗೆರೆ ದಾಟಿ, ಅಂಚಿನಲ್ಲಿ ಹಳಿಯ ಕಡೆ ನೋಡುತ್ತ ನಿಂತಿದ್ದಾಳೆ. ಮುಖ ಮುಚ್ಚಲಾಗಿದೆ. ಕೆಳಗಿನ ಬರಹ ಒಂಟಿಯಾಗಿ ನೋಡಿದರೆ ಸವಾಲಿನ ಮಾತು. ಈ ಚಿತ್ರದ ಕೆಳಗೆ ಅದು ಹುಡುಗಿಯನ್ನು ಪ್ರಾಣಕ್ಕೆ ಅಪಾಯ ಮಾಡಿಕೊಳ್ಳಲು ಕೆಣಕುವಂತೆ ಓದಿಸುತ್ತದೆ. ಬಲ ಮೂಲೆಯಲ್ಲಿ ಸಣ್ಣ ಅಕ್ಷರಗಳಿವೆ, ಮಸುಕಾಗಿವೆ, 'ಶುಕ್ರವಾರ ಬಿಡುವಿಗೆ' ಎಂದಿರಬಹುದು. ಮಾಡಿದವರ ಉದ್ದೇಶ ನನಗೆ ತಿಳಿಯದು. ಆದರೆ ಈಕೆ ನಿಜವಾದ ವಿದ್ಯಾರ್ಥಿನಿಯಾಗಿದ್ದರೆ ವರದಿ ಆಮೇಲೆ ಬರೆಯಿರಿ, ಈಗಲೇ ಆಕೆ ಎಲ್ಲಿದ್ದಾಳೆಂದು ನೋಡಿ, ಒಬ್ಬಳೇ ಬಿಡಬೇಡಿ."

ಟೀಚರ್ ಚಿತ್ರವನ್ನು ಹಿಗ್ಗಿಸಿ ನೋಡಿದರು. ಹಳದಿ ಗೆರೆ ಇತ್ತು. ಮೂಲೆಯ ಅಕ್ಷರವೂ ಇತ್ತು. ನಿನ್ನೆಯೂ ಇದ್ದವು.

ಕ್ಲಾಸಿಗೆ ಓಡಿದರು. ಕಿಟಕಿ ಪಕ್ಕದ ಬೆಂಚು ಖಾಲಿ. ಚಿತ್ರಾ ಬುತ್ತಿ ಎದುರಿಟ್ಟುಕೊಂಡು ತಿನ್ನದೆ ಕೂತಿದ್ದಳು.

"ತೃಷಾ ಎಲ್ಲಿ?"

"ಹೋದಳು ಟೀಚರ್, ಬೆಲ್ ಆದ ಕೂಡಲೇ. ತಿಂಗಳ ಹಿಂದೆ ತೃಷಾ ತನಗೆ ಬದುಕಲಿಕ್ಕೆ ಮನಸ್ಸಿಲ್ಲ ಅಂತ ಒಬ್ಬಳು ಗೆಳತಿಗೆ ಹೇಳಿದ್ದಳು. ಆ ಗೆಳತಿ ಎಲ್ಲರಿಗೂ ಹೇಳಿದಳು. ಆಮೇಲೆ ದಿನಾ ತಮಾಷೆ ಮಾಡ್ತಿದ್ದರು."

"ನನಗೆ ಯಾಕೆ ಹೇಳಲಿಲ್ಲ ಮಾರಾಯ್ತೀ?"

ಚಿತ್ರಾ ಬುತ್ತಿಯ ಮುಚ್ಚಳ ಹಾಕಿದಳು. ಅವಳು ಹೇಳಿಯೇ ಇದ್ದಳಲ್ಲ, ಚಿತ್ರದ ಸಮೇತ.

ಹೆಡ್‌ಮಾಷ್ಟ್ರಿಗೆ ರೈಲ್ವೆ ಸ್ಟೇಷನ್ನಿಗೆ ಫೋನ್ ಮಾಡಿ ಎಂದು ಕೂಗಿ ಟೀಚರ್ ಗೇಟು ದಾಟಿದರು. ಹೈವೇಯಲ್ಲಿ ಲಾರಿಗಳ ಸಾಲು, ಮಸೀದಿಗೆ ಹೊರಟವರ ಗುಂಪು. ಐವತ್ತೆರಡು ವರ್ಷದ ಕಾಲು ಓಡುವುದು ಮರೆತಿತ್ತು. ಚಪ್ಪಲಿ ಒಂದು ಕಿತ್ತುಹೋಯಿತು, ಇನ್ನೊಂದನ್ನು ಅವರೇ ಎಸೆದರು. ರೈಲಿನ ಹಾರ್ನ್ ಕೇಳಿದಾಗ ಅವರಿನ್ನೂ ಸ್ಟೇಷನ್ನಿನ ಹೊರಗಿದ್ದರು. ದೇವರೇ, ದೇವರೇ ಎಂದಷ್ಟೇ ಬಾಯಿಗೆ ಬಂತು. ರೈಲು ನಿಲ್ಲದೆ ಪೂರ್ತಿ ಹಾದುಹೋಯಿತು.

ಪ್ಲಾಟ್‌ಫಾರ್ಮಿನ ಕೊನೆಯ ಸಿಮೆಂಟು ಬೆಂಚಿನಲ್ಲಿ ತೃಷಾ ಇದ್ದಳು. ಒಬ್ಬ ಮೀನು ಮಾರುವ ಹೆಂಗಸು ಬುಟ್ಟಿ ಕೆಳಗಿಟ್ಟು ಎರಡೂ ಕೈಯಿಂದ ಅವಳ ತೋಳು ಹಿಡಿದುಕೊಂಡಿದ್ದಳು. ಅಂಚಿನಿಂದ ಎಳೆದು ತಂದದ್ದು ಅವಳೇ. "ನಿಮ್ಮ ಮಗುವಾ? ಹಿಡ್ಕೊಳ್ಳಿ ಸರಿ ಮಾಡಿ," ಎಂದು ತುಳುವಿನಲ್ಲಿ ಗದರಿದಳು.

ಟೀಚರ್ ಪಕ್ಕದಲ್ಲಿ ಕುಸಿದು ಕೂತು ಹುಡುಗಿಯನ್ನು ಅಪ್ಪಿಕೊಂಡರು. ತೃಷಾ ಅಳಲಿಲ್ಲ.

"ನಾನು ನೋಡಿದೆ ಮಗಾ, ಆ ಫೋಟೋ ನೋಡಿದೆ. ಓಡಿಕೊಂಡು ಬಂದೆ."

"ನಿನ್ನೆಯೇ ನೋಡಿದ್ರಲ್ಲ ಟೀಚರ್," ಎಂದಳು ತೃಷಾ, ಹಳಿಯ ಕಡೆ ನೋಡುತ್ತ. "ಚಿತ್ರಾ ನಿಮ್ಮ ಮೆಸೇಜ್ ನನಗೆ ಕಳಿಸಿದ್ದಳು, ನನಗೆ ಸಮಾಧಾನ ಆಗಲಿ ಅಂತ. ಅದರಲ್ಲಿ ಎಂತದೂ ಇಲ್ಲ ಅಂತ ಬರೆದಿದ್ರಿ. ಟೀಚರಿಗೂ ಹಾಗೇ ಕಂಡದ್ದಾದರೆ ಇನ್ನು ಯಾರಿಗೆ ಹೇಳುವುದು ಅಂತ ನಾನು ಇಲ್ಲಿಗೆ ಬಂದೆ."

ಜೂಲಿಯೆಟ್ ಟೀಚರ್ ಹುಡುಗಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು, ತಿರುಗಿ ಹಿಡಿಯಲಿಲ್ಲ.