ಆರನೇ ಖಾನೆ

ನಮ್ಮ ಅತ್ತೆಯ ಎರಡೂ ಮಂಡಿಗಳು ಈಗ ಡಾಕ್ಟರ ವಶದಲ್ಲಿವೆ. ಮುಂದಿನ ತಿಂಗಳು ಹತ್ತನೇ ತಾರೀಖು ಬಲಗಡೆಯದಕ್ಕೆ ಆಪರೇಷನ್, ಆಮೇಲೆ ಎಡಗಡೆಯದಕ್ಕೆ. ಇನ್ನು ಗುಡ್ಡಗಿಡ್ಡ ಹತ್ತುವ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದರು. ಅತ್ತೆ ತಲೆಯಾಡಿಸಿದರು. ಆಸ್ಪತ್ರೆಯ ಗೇಟು ದಾಟುವ ಮೊದಲೇ, ಈ ಸಲದ ಹುಣ್ಣಿಮೆಗೆ ಗುಡ್ಡ ಹತ್ತುವುದೆಂದು ತೀರ್ಮಾನಿಸಿಬಿಟ್ಟಿದ್ದರು.

ಗುಡ್ಡದ ಮೇಲಿನ ದೇವರ ಬಾಗಿಲು ವರ್ಷಕ್ಕೊಮ್ಮೆ, ಈ ತಿಂಗಳ ಹುಣ್ಣಿಮೆಯ ದಿನ ಬೆಳಗ್ಗೆ ತೆಗೆದು ಮಧ್ಯಾಹ್ನಕ್ಕೆ ಮುಚ್ಚುತ್ತದೆ. ಆರುನೂರ ನಲವತ್ತು ಮೆಟ್ಟಿಲು. ಅತ್ತೆ ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿಲ್ಲ. ಹೋದ ವರ್ಷ ನಮ್ಮವರ ಜೊತೆ ಹೋಗಿದ್ದರು.

"ಅವನು ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಹತ್ತುತ್ತಾನೆ. ನೀನೇ ಬಾ. ನಿನ್ನ ಭುಜ ನನ್ನ ಕೈಗೆ ಸರಿಯಾದ ಎತ್ತರದಲ್ಲಿದೆ" ಎಂದರು ಅತ್ತೆ.

ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಸಿಕ್ಕ ಮೊದಲ ಮೆಚ್ಚುಗೆ, ಅದೂ ನಾನು ಕುಳ್ಳಿ ಎಂಬ ಕಾರಣಕ್ಕೆ. ನಾನು ಕರಗಿ ನೀರಾಗಿ ಹೂಂ ಅಂದುಬಿಟ್ಟೆ. ಗೋಡೆಯ ಕ್ಯಾಲೆಂಡರ್ ನೋಡಿದೆ. ಹುಣ್ಣಿಮೆಯ ಬಿಳಿ ಚುಕ್ಕಿ ಗುರುವಾರದ ಮೇಲಿತ್ತು.

ನಾನು ಕೆಲಸ ಮಾಡುವುದು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ನನ್ನ ಕೈಯಲ್ಲಿರುವುದು ದೊಡ್ಡ ಇಸ್ತ್ರಿ ಯಂತ್ರ. ಒದ್ದೆ ಹಾಸುಬಟ್ಟೆಯನ್ನು ಈ ಕಡೆ ಉರುಳೆಗೆ ಕೊಟ್ಟರೆ ಆ ಕಡೆ ಬಿಸಿಬಿಸಿಯಾಗಿ, ಗರಿಗರಿಯಾಗಿ ಬರುತ್ತದೆ. ಕೈಯನ್ನು ಕೊಟ್ಟರೆ ಕೈಯೂ ಹಾಗೆಯೇ ಬರುತ್ತದೆ, ಆದ್ದರಿಂದ ತರಬೇತಿ ಪಡೆದು ಕಾರ್ಡು ತೆಗೆದುಕೊಂಡವರು ಮಾತ್ರ ಅದನ್ನು ಮುಟ್ಟಬೇಕು. ಕಾರ್ಡು ಇರುವವರು ನಾಲ್ಕೇ ಜನ: ನಾನು, ಉದ್ದಕ್ಕ, ಗುಬ್ಬಿ, ಮತ್ತು ಎಲ್ಲರೂ ಮಾವ ಎಂದೇ ಕರೆಯುವ ಹಿರಿಯ ಆಪರೇಟರು.

ರಜೆ ಕೊಡುವವರು ಸೂಪರ್‌ವೈಸರ್ ಸಾಹೇಬರು. ಅವರ ಕುರ್ಚಿಯ ಹಿಂದೆ ಗಾಜಿನ ಚೌಕಟ್ಟಿನೊಳಗೆ ವರ್ಷದ ಹತ್ತು ರಜೆಗಳ ಪಟ್ಟಿ ಇದೆ. ವರ್ಷ ಶುರುವಾಗುವ ಮೊದಲೇ ಮೇಲಿನವರು ಅಚ್ಚು ಹಾಕಿಸಿ ಕಳಿಸುತ್ತಾರೆ. ನಮ್ಮ ಗುಡ್ಡ ಅದರಲ್ಲಿಲ್ಲ.

"ಪಟ್ಟೀಲಿ ಇಲ್ವಲ್ಲಮ್ಮ" ಎಂದರು ಸಾಹೇಬರು, ತಿರುಗಿಯೂ ನೋಡದೆ. ಪಟ್ಟಿ ಅವರಿಗೆ ಬಾಯಿಪಾಠ.

"ಸ್ವಂತ ರಜೆ ಹಾಕ್ಕೋತೀನಿ ಸಾರ್."

"ಒಂದು ದಿನಕ್ಕೆ ಇಬ್ಬರಿಗೆ ಮಾತ್ರ. ಗುರುವಾರಕ್ಕೆ ಇಬ್ಬರು ಆಗಲೇ ತಗೊಂಡಿದಾರೆ. ಬದಲಿ ಹುಡುಕ್ಕೊಂಡು ಬನ್ನಿ, ನಂದೇನು ಅಭ್ಯಂತರ ಇಲ್ಲ."

ಬದಲಿ ಎಂದರೆ ಒಂದು ಹಳದಿ ಫಾರಂ, ಆರು ಖಾನೆ. ಯಾರು, ಯಾವ ದಿನ, ಯಾವ ಪಾಳಿ, ಬದಲಿಗೆ ಬರುವವರು ಯಾರು, ಅವರ ಕಾರ್ಡಿನ ನಂಬರೇನು, ಅವರ ಯಾವ ಪಾಳಿಯನ್ನು ನಾವು ತೀರಿಸುತ್ತೇವೆ. ನಲವತ್ತೆಂಟು ಗಂಟೆ ಮೊದಲು ಕೊಡಬೇಕು. ಒಂದು ಪಾಳಿಗೂ ಇನ್ನೊಂದಕ್ಕೂ ನಡುವೆ ಎಂಟು ಗಂಟೆ ವಿಶ್ರಾಂತಿ ಇರಬೇಕು. ನಾನು ಒಯ್ದ ಮೊದಲ ಫಾರಮ್ಮನ್ನು ಸಾಹೇಬರು ಒಂದು ಬೆರಳಿನಿಂದ ನನ್ನತ್ತ ತಳ್ಳಿದರು.

"ಆರನೇ ಖಾನೆ ಖಾಲಿ ಇದೆ. ಖಾಲಿ ಖಾನೆ ಇದ್ರೆ ಅದು ಫಾರಮ್ಮೇ ಅಲ್ಲ."

ಅಲ್ಲಿಂದ ನನ್ನ ಓಡಾಟ ಶುರುವಾಯಿತು. ಗುರುವಾರ ಬೆಳಗ್ಗೆ ನನ್ನ ಬದಲು ಬರಲು ಉದ್ದಕ್ಕ ಮೊದಲೇ ಒಪ್ಪಿದ್ದಳು. ಆದರೆ ಅವಳಿಗೆ ಬುಧವಾರ ರಾತ್ರಿ ಪಾಳಿ, ನಡುವೆ ವಿಶ್ರಾಂತಿ ಇಲ್ಲ. ಅವಳ ರಾತ್ರಿ ಪಾಳಿಗೆ ಬರಲು ಗುಬ್ಬಿ ಒಪ್ಪಿದಳು. ಆದರೆ ಅವಳಿಗೆ ಬುಧವಾರವೇ ಸಂಜೆ ಪಾಳಿ. ಗುಬ್ಬಿಯ ಸಂಜೆ ಪಾಳಿಗೆ ಮಾವ ಸಿಕ್ಕಿದರು, ಬುಧವಾರ ಅವರಿಗೆ ವಾರದ ರಜೆ. ನಾನು ಅವರ ಮುಂದೆ ನಿಂತು ಹಲ್ಲು ಗಿಂಜಿದೆ.

"ಬರ್ತೀನಿ ಬಿಡು. ಆದ್ರೆ ಶುಕ್ರವಾರ ಬೆಳಗ್ಗೆ ನನ್ನ ಶಿಫ್ಟಿಗೆ ನೀನು ಬರ್ಬೇಕು. ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದಾರೆ" ಎಂದರು ಮಾವ.

ಶುಕ್ರವಾರ ನನಗೆ ವಾರದ ರಜೆ. ರಜೆಯ ದಿನ ಮನೆಯಲ್ಲಿ ನಾನು ಒಗೆಯುವುದೂ ಬಟ್ಟೆಯನ್ನೇ. ತಗೊಳ್ಳಿ ಮಾವ, ಎಂದೆ.

ನಾಲ್ಕು ಜನ, ನಾಲ್ಕು ಫಾರಂ, ಇಪ್ಪತ್ನಾಲ್ಕು ಖಾನೆ. ಸೋಮವಾರ ಸಾಹೇಬರು ಒಂದೊಂದು ಖಾನೆಯ ಮೇಲೂ ಪೆನ್ನಿನ ತುದಿ ಇಟ್ಟು ನೋಡಿದರು. ತಪ್ಪು ಸಿಗದೆ ಅವರ ಮುಖ ಸಣ್ಣಗಾಯಿತು. ಸಹಿ ಹಾಕಿ ಹಳದಿ ಪ್ರತಿಗಳನ್ನು ಹರಿದುಕೊಟ್ಟರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಆವತ್ತು ಮುನ್ನೂರು ಹಾಸುಬಟ್ಟೆ ಉರುಳೆಗೆ ಕೊಟ್ಟೆ, ಒಂದೂ ಸುಕ್ಕಾಗಲಿಲ್ಲ.

ಮಂಗಳವಾರ ಮಧ್ಯಾಹ್ನ ಮನೆಗೆ ಬಂದರೆ ಅತ್ತೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಇನ್ನು ಎರಡೇ ದಿನ ಅತ್ತೆ. ಗುರುವಾರ ಬೆಳಗ್ಗೆ ಐದಕ್ಕೆ ಹೊರಡೋಣ" ಎಂದೆ, ರಾಜ್ಯ ಗೆದ್ದುಬಂದವಳ ಹಾಗೆ.

"ಗುರುವಾರ ಯಾಕೆ? ಶುಕ್ರವಾರ ಅಲ್ವೇನೇ."

"ಹುಣ್ಣಿಮೆ ಗುರುವಾರ. ಕ್ಯಾಲೆಂಡರ್ ನೋಡಿದೀನಿ."

"ಗುರುವಾರ ಸಂಜೆ ಶುರುವಾಗುತ್ತೆ, ಶುಕ್ರವಾರ ಸಂಜೆ ಮುಗಿಯುತ್ತೆ. ಬೆಳಗ್ಗೆ ಹೊತ್ತು ಹುಣ್ಣಿಮೆ ಇರೋದು ಶುಕ್ರವಾರ. ಬಾಗಿಲು ತೆಗೆಯೋದು ಬೆಳಗ್ಗೆ. ಹೇಗೂ ಶುಕ್ರವಾರ ನಿಂಗೆ ರಜೆ ಅಲ್ವಾ, ಅದಕ್ಕೇ ನಾನೂ ಸುಮ್ಮನಿದ್ದೆ."

ನಾನು ಅಲ್ಲೇ ಕುಸಿದು ಕೂತೆ. ಹೌದು, ಶುಕ್ರವಾರ ನನಗೆ ರಜೆ ಇತ್ತು. ಏನೂ ಮಾಡದೆ ತೆಪ್ಪಗೆ ಮನೆಯಲ್ಲಿ ಕೂತಿದ್ದರೆ ಸಾಕಿತ್ತು. ಎರಡು ವಾರ ಊರೆಲ್ಲಾ ಓಡಾಡಿ, ನಾಲ್ಕು ಜನರ ನಿದ್ದೆ ಅದಲುಬದಲು ಮಾಡಿಸಿ, ನನ್ನ ಕೈಯಲ್ಲಿದ್ದ ರಜೆಯನ್ನು ನಾನೇ ದಾನ ಮಾಡಿದ್ದೆ. ಮೊದಲು ಅಳು ಬಂತು. ಅರ್ಧ ಅಳುವಷ್ಟರಲ್ಲಿ ನಗು ಬಂತು. ಎರಡೂ ಸೇರಿ ಬಿಕ್ಕಳಿಕೆ ಹತ್ತಿತು. ಅತ್ತೆಗೆ ಏನೂ ಅರ್ಥವಾಗದೆ, ಎಣ್ಣೆಗೈಯಲ್ಲೇ ನನ್ನ ಬೆನ್ನಿಗೆ ಗುದ್ದಿದರು.

ವಿಷಯ ತಿಳಿದ ಮೇಲೆ ಅವರೂ ನಕ್ಕರು. ಆಮೇಲೆ, "ಹೋಗ್ಲಿ ಬಿಡು, ನಲವತ್ತು ಸಲ ಹತ್ತಿದೀನಲ್ಲ" ಎಂದು ಎಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕಿದರು. ಆ ಮುಚ್ಚಳದ ಸದ್ದಿಗೆ ನಾನು ಎದ್ದೆ. ಚಪ್ಪಲಿ ಮೆಟ್ಟಿ ವಾಪಸ್ ಆಸ್ಪತ್ರೆಗೆ ಓಡಿದೆ.

ದಾರಿಯಲ್ಲೇ ಮೂವರಿಗೂ ಫೋನ್ ಮಾಡಿದೆ. ಗಂಡಿನ ಕಡೆಯವರು ಆಗಲೇ ಟಿಕೆಟ್ ತೆಗೆದಿದ್ದಾರೆ ಎಂದರು ಮಾವ. ಉದ್ದಕ್ಕನಿಗೆ ಗುರುವಾರ ರಾತ್ರಿ ಪಾಳಿ, ಅದು ಮುಗಿಯುವುದೇ ಶುಕ್ರವಾರ ಬೆಳಗ್ಗೆ. ಗುಬ್ಬಿಗೆ ಶುಕ್ರವಾರ ಸಂಜೆ ಪಾಳಿ, ಬೆಳಗ್ಗೆಯೂ ಬಂದರೆ ಎರಡು ಒಟ್ಟಿಗೆ. ವಿಷಯ ಕೇಳಿ ಮೂವರೂ ಮೊದಲು ಮನಸಾರೆ ನಕ್ಕು, ಆಮೇಲೆ ಪಾಪ ಅಂದರು. ಅದನ್ನು ನಾನು ಮರೆಯುವುದಿಲ್ಲ.

ಸಾಹೇಬರು ಬೀಗದ ಕೈ ಹಿಡಿದು ಹೊರಡುವುದರಲ್ಲಿದ್ದರು. ಗೋಗರೆಯಬೇಕೆಂದುಕೊಂಡಿದ್ದೆ, ಏದುಸಿರಿನಲ್ಲಿ ಅದೂ ಬರಲಿಲ್ಲ.

"ಸಾರ್, ಗುರುವಾರ ರಜೆ ಬೇಡ. ಶುಕ್ರವಾರ ಬೇಕು. ಶುಕ್ರವಾರ ಇತ್ತು, ನಾನೇ ಕೊಟ್ಟುಬಿಟ್ಟೆ. ಅತ್ತೆ ಮಂಡಿ ಆಮೇಲೆ ಇರಲ್ಲ."

ಕೂತು, ನೀರು ಕುಡಿದು, ಮೊದಲಿಂದ ಹೇಳಿ ಎಂದರು. ಹೇಳಿದೆ. ಹುಣ್ಣಿಮೆ ಶುರುವಾಗುವ ಹೊತ್ತಿನ ಮಾತಿಗೆ ಬರುವಷ್ಟರಲ್ಲಿ ಅವರ ಭುಜ ಕುಣಿಯಲು ಶುರುವಾಗಿತ್ತು. ಹನ್ನೊಂದು ವರ್ಷದಲ್ಲಿ ಅವರ ಹಲ್ಲನ್ನು ನಾನು ನೋಡಿದ್ದು ಅವತ್ತೇ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಗಡಿಯಾರ ನೋಡಿದರು.

"ಶುಕ್ರವಾರ ಬೆಳಗ್ಗೆ ಆರಕ್ಕೆ ಇನ್ನೂ ಅರವತ್ತೆರಡು ಗಂಟೆ ಇದೆ. ನಿಯಮ ಸರಿಯಾಗಿದೆ. ಬದಲಿ ಯಾರು?"

"ಯಾರೂ ಇಲ್ಲ ಸಾರ್. ಕಾರ್ಡ್ ಇರೋರು ನಾಲ್ಕೇ ಜನ."

"ಐದು" ಎಂದು ಪರ್ಸಿನಿಂದ ಒಂದು ಕಾರ್ಡು ತೆಗೆದರು. ಮೂಲೆಗಳು ಸವೆದಿದ್ದವು. ಫೋಟೋದಲ್ಲಿ ತಲೆತುಂಬಾ ಕೂದಲಿದ್ದ ಒಬ್ಬ ಹುಡುಗ. "ಈ ಕುರ್ಚಿಗೆ ಬರೋ ಮೊದಲು ಹದಿನಾಲ್ಕು ವರ್ಷ ಆ ಮೆಷಿನ್ನೇ ನನ್ನ ಹೆಂಡ್ತಿ. ಪ್ರತಿ ವರ್ಷ ಕಾರ್ಡ್ ರಿನ್ಯೂ ಮಾಡಿಸ್ತೀನಿ. ಶುಕ್ರವಾರ ನನಗೂ ವಾರದ ರಜೆ. ಬರ್ತೀನಿ."

ಫಾರಂ ಅವರೇ ತುಂಬಿದರು, ಅವರೇ ಸಹಿ ಹಾಕಿದರು. ಗುರುವಾರದ ಫಾರಂಗಳು ಹಾಗೇ ಇರಲಿ, ಮತ್ತೆ ಬಿಚ್ಚಿದರೆ ನಾನೇ ಆಸ್ಪತ್ರೆಗೆ ಸೇರಬೇಕಾಗುತ್ತದೆ ಎಂದರು. ಹಳದಿ ಪ್ರತಿಯನ್ನು ಮಡಚಿ ಬ್ಯಾಗಿಗೆ ತುರುಕಿಕೊಂಡು ನಾನು ಮನೆಗೆ ಹಾರಿದೆ.

ಶುಕ್ರವಾರ ಆರುನೂರ ನಲವತ್ತು ಮೆಟ್ಟಿಲಿಗೆ ಮೂರು ಗಂಟೆ ಹಿಡಿಯಿತು. ಮುನ್ನೂರರ ಹತ್ತಿರ ಅತ್ತೆ ನನ್ನ ಭುಜ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ನನಗಿರುವ ಈ ಎತ್ತರವೂ ಕಡಿಮೆಯಾಗುತ್ತದೇನೋ ಅನ್ನಿಸಿತು. ಐನೂರರಲ್ಲಿ ಅವರು ಕೂತುಬಿಟ್ಟರು. ಅತ್ತರು. ನೋವಿಗೆ ಅಲ್ಲ ಕಣೇ ಎಂದರು. ಎದ್ದರು. ಬಾಗಿಲು ಮುಚ್ಚಲು ಇನ್ನೂ ಒಂದು ಗಂಟೆ ಇರುವಾಗ ನಾವು ಒಳಗಿದ್ದೆವು. ಅತ್ತೆ ಏನೂ ಬೇಡಿಕೊಳ್ಳಲಿಲ್ಲ. ಕಣ್ಣು ಬಿಟ್ಟುಕೊಂಡೇ ನಿಂತರು, ಎಲ್ಲವನ್ನೂ ಗುರುತಿಟ್ಟುಕೊಳ್ಳುವವರ ಹಾಗೆ. ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಹೊರಗೆ ನೆರಳಿನಲ್ಲಿ ಕೂತಾಗ ಅವರು ಕೇಳಿದರು, "ನಿಮ್ಮ ಸಾಹೇಬರಿಗೆ ಬದಲಿಗೆ ನೀನು ಯಾವ ದಿನ ಕೊಟ್ಟೆ?"

ಬ್ಯಾಗಿನಿಂದ ಹಳದಿ ಪ್ರತಿ ತೆಗೆದು ಬಿಚ್ಚಿದೆ. ಐದು ಖಾನೆ ಭರ್ತಿ. ಆರನೆಯದು ಖಾಲಿ.

ಶನಿವಾರ ಬೆಳಗ್ಗೆ ಫಾರಮ್ಮನ್ನು ಸಾಹೇಬರ ಮೇಜಿನ ಮೇಲಿಟ್ಟು ಒಂದು ಬೆರಳಿನಿಂದ ಅವರತ್ತ ತಳ್ಳಿದೆ.

"ಆರನೇ ಖಾನೆ ಖಾಲಿ ಇದೆ ಸಾರ್. ಖಾಲಿ ಖಾನೆ ಇದ್ರೆ ಅದು ಫಾರಮ್ಮೇ ಅಲ್ಲ."

"ಇರ್ಲಿ ಬಿಡಮ್ಮ. ನನಗೆ ಯಾವ ದಿನಾನೂ ಬೇಡ."

"ಹಾಗಾದ್ರೆ ನಿನ್ನೆ ನಾನು ಗೈರುಹಾಜರು. ಒಂದು ದಿನದ ಸಂಬಳ ಹಿಡೀರಿ. ಇಲ್ಲಾ, ನೀವೂ ಒಂದು ದಿನ ರಜೆ ತಗೊಳ್ಳಿ. ಆವತ್ತು ಈ ಕುರ್ಚೀಲಿ ಮಾವ ಕೂರ್ತಾರೆ, ಅವರ ಪಾಳಿ ನಾನು ಮಾಡ್ತೀನಿ. ನೀವಿಲ್ಲದ ದಿನ ಈ ಕುರ್ಚಿ ನೋಡ್ಕೊಳ್ಳೋಕೆ ಸೀನಿಯರ್ ಆಪರೇಟರ್‌ಗೆ ಅಧಿಕಾರ ಇದೆ ಅಂತ ನೀವೇ ಗೋಡೆಗೆ ಅಂಟಿಸಿದೀರಿ."

ಅವರು ಗೋಡೆಯ ಕಡೆ ನೋಡಿದರು, ನನ್ನನ್ನು ನೋಡಿದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. ಕೊನೆಗೆ ಒಂದು ತಾರೀಖು ಬರೆದರು. ಎರಡು ತಿಂಗಳಾಚೆಯ ಒಂದು ಮಂಗಳವಾರ. ಗಾಜಿನೊಳಗಿನ ಪಟ್ಟಿಯಲ್ಲಿ ಹುಡುಕಿದೆ, ಅದು ಅಲ್ಲಿರಲಿಲ್ಲ.

"ಆವತ್ತೇನು ಸಾರ್?"

"ನಮ್ಮ ಹಬ್ಬ. ನಮ್ಮೋರು ಈ ಊರಲ್ಲಿ ನಾಲ್ಕೇ ಮನೆ. ಇಪ್ಪತ್ತಾರು ವರ್ಷ ಆಯ್ತು, ಆ ದಿನ ಮನೇಲಿದ್ದು."

"ಒಂದು ಸಲಾನಾದ್ರೂ ಕೇಳ್ಬಹುದಿತ್ತಲ್ಲ ಸಾರ್."

"ಯಾರನ್ನ ಕೇಳ್ಲಿ? ಫಾರಂ ಬರೋದು ನನ್ನ ಹತ್ರಾನೇ" ಎಂದು ನಕ್ಕರು. "ನಾನು ಕೊಡ್ತಿರ್ಲಿಲ್ಲ."

ನಾನು ಫಾರಮ್ಮನ್ನು ನನ್ನ ಕಡೆಗೆ ಎಳೆದುಕೊಂಡೆ. ಆರೂ ಖಾನೆಗಳ ಮೇಲೆ ಒಂದೊಂದಾಗಿ ಪೆನ್ನಿನ ತುದಿ ಇಟ್ಟು, ಅವರು ಮಾಡುವ ಹಾಗೆಯೇ ನಿಧಾನವಾಗಿ ನೋಡಿದೆ. ಅವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

"ಎಲ್ಲಾ ಸರಿಯಾಗಿದೆ" ಎಂದೆ. "ಹೋಗಿಬನ್ನಿ ಸಾರ್."