ಕೆರೆದಿದ್ದ ಕೋಡ್

ನಾಳೆ ತಂಗಿಗೆ ಆಪರೇಷನ್. ಅದಕ್ಕೆ ಮೊದಲು ಅಕ್ಕನೊಡನೆ ಆನ್‌ಲೈನಿನಲ್ಲಿ ತನ್ನಿಷ್ಟದ ಗೇಮ್ ಆಡಲೇಬೇಕೆಂದು ಆಸ್ಪತ್ರೆಯಿಂದಲೇ ಹಟ ಹಿಡಿದಿದ್ದಳು. ಅಕ್ಕ ಹೆದರಿಕೆಯಲ್ಲೇ ಹಳೇ ಗೇಮ್ ಡಿಸ್ಕ್ ಮಾರುವ ಅಂಗಡಿಗೆ ಓಡಿಬಂದಳು.

“ದುಡ್ಡು ಆಮೇಲೆ ಕೊಡಿ,” ಎಂದು ಅಂಗಡಿಯವನು ಆ ಗೇಮಿನ ಡಬ್ಬಿಯೊಳಗಿನ ಚೀಟಿ ತೋರಿಸಿದ. ಆನ್‌ಲೈನ್ ಆಡಲು ಬೇಕಾದ ಕೋಡ್ ಮೇಲಿನ ಪದರವನ್ನು ಯಾರೋ ಕೆರೆದಿದ್ದರು. “ಇದು ಒಂದೇ ಸಲ ನಡೆಯೋದು. ಹಿಂದಿನವರು ಹಾಕಿದ್ರೆ ಅವರ ಅಕೌಂಟಿಗೇ ಸೇರಿರುತ್ತೆ. ಡಿಸ್ಕ್ ಓಡುತ್ತೆ, ಆನ್‌ಲೈನ್ ತೆರೆಯಲ್ಲ. ಇಲ್ಲೇ ನಿಮ್ಮ ಅಕೌಂಟಲ್ಲಿ ಹಾಕಿ ನೋಡಿ.”

ಅವಳು ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿದಳು. ‘ಈಗಾಗಲೇ ಬಳಸಲಾಗಿದೆ’ ಎಂದಿತು ಪರದೆ.

“ಬೇರೆ ದಾರಿ ಇಲ್ವಾ ಅಣ್ಣಾ?”

“ಆನ್‌ಲೈನ್ ಪಾಸನ್ನೇ ಬೇರೆಯಾಗಿ ಮಾರ್ತಾರಾ, ಗೇಮ್ ಕಂಪನಿಯ ಆನ್‌ಲೈನ್ ಸ್ಟೋರಲ್ಲಿ ನೋಡಿ.”

ಪುಣ್ಯಕ್ಕೆ ಇತ್ತು. ಡಿಸ್ಕ್, ಪಾಸ್ ಎರಡನ್ನೂ ಕೊಂಡಳು.

ಸಂಜೆ ಪರದೆಯಲ್ಲಿ ತಂಗಿಯ ಹೆಸರು ಮೂಡಿದಾಗಲೂ ಅಕ್ಕನಿಗೆ ನಾಳೆಯದೇ ದಿಗಿಲು. ತಂಗಿ ಮಾತ್ರ, “ಬೇಗ ಬಾರೇ, ಸೋಲಿಸ್ತೀನಿ!” ಎಂದು ಹೆಡ್‌ಫೋನಿನಲ್ಲಿ ಕೂಗಿದಳು.